ಬಗ್ಗಿದ ಹಲಗೆ, ಎರಡು ಇಟ್ಟಿಗೆ

ತುಮಕೂರಿನ ಗುಬ್ಬಿ ಗೇಟ್ ಕಡೆ ಒಬ್ಬರು ಮೇಷ್ಟ್ರ ಮನೆಗೆ ಪುಸ್ತಕದ ಕಪಾಟು ಮಾಡಿಕೊಟ್ಟಿದ್ದೆ. ಆರು ತಿಂಗಳಾದ ಮೇಲೆ ಅವರ ಫೋನ್ ಬಂತು. ‘ನಡುವಿನ ಹಲಗೆ ಬಗ್ಗಿದೆ, ಒಂದ್ಸಲ ಬಂದು ನೋಡಿ’ ಅಂದರು. ನನ್ನ ಹತ್ತಿರ ಕೆಲಸ ಕಲಿಯುತ್ತಿದ್ದ ಹುಡುಗನನ್ನೂ ಕರೆದುಕೊಂಡು ಹೋದೆ.

ಹಲಗೆ 18 ಎಂಎಂ ಪ್ಲೈವುಡ್. ಎರಡೂ ಕಡೆಯ ಆಸರೆಗಳ ನಡುವೆ ನಾಲ್ಕು ಅಡಿ. ಉದ್ದಕ್ಕೂ ದಪ್ಪ ದಪ್ಪ ಪಠ್ಯಪುಸ್ತಕ. ಈ ತುದಿಯಿಂದ ಆ ತುದಿಗೆ ದಾರ ಬಿಗಿದು ಅಳೆದರೆ ನಡುಮಧ್ಯ 16 ಎಂಎಂ ಇಳಿದಿತ್ತು. ಪುಸ್ತಕವೆಲ್ಲ ತೆಗೆದ ಮೇಲೂ 5 ಎಂಎಂ ಹಾಗೇ ಉಳಿಯಿತು. ಭಾರ ತಿಂಗಳುಗಟ್ಟಲೆ ಕೂತರೆ ಮರ ನಿಧಾನವಾಗಿ ಇಳಿಯುತ್ತಲೇ ಹೋಗುತ್ತದೆ, ಪೂರ್ತಿ ವಾಪಸ್ ಬರುವುದಿಲ್ಲ. ಕೊಟ್ಟ ದಿನ ಸರಿಯಾಗಿ ಕಂಡ ಕಪಾಟು ಆಮೇಲೆ ಕೆಡುವುದು ಹೀಗೆ. ನಾಲ್ಕು ಅಡಿಗೆ ಆ ದಪ್ಪ ಸಾಲದು ಅಂತ ನಾನೇ ಮೊದಲು ಯೋಚಿಸಬೇಕಿತ್ತು.

‘ಅಣ್ಣ, ಇದರ ಮೇಲೆ ಇನ್ನೊಂದು 18 ಎಂಎಂ ಹಲಗೆ ಇಟ್ಟರೆ ಆಯ್ತಲ್ವಾ?’ ಅಂದ ಹುಡುಗ. ಉತ್ತರ ಹೇಳಲಿಲ್ಲ. ಅಂಗಡಿಗೆ ಬಂದು ಎರಡು ಇಟ್ಟಿಗೆ ಇಟ್ಟು, ನೀನೇ ನೋಡು ಅಂದೆ.

40 ಎಂಎಂ ಅಗಲ, 12 ಎಂಎಂ ದಪ್ಪದ ಒಂದು ಮರದ ಪಟ್ಟಿಯನ್ನು ಇಟ್ಟಿಗೆಗಳ ಮೇಲೆ ಮಲಗಿಸಿದ. ಇಟ್ಟಿಗೆಗಳ ನಡುವೆ ನಾಲ್ಕು ಅಡಿ. ಮಧ್ಯಕ್ಕೆ ಎರಡು ಕೆಜಿ ಮೊಳೆಯ ಚೀಲ ತೂಗುಹಾಕಿದ. 12 ಎಂಎಂ ಬಗ್ಗಿತು. ಅದೇ ಪಟ್ಟಿಯ ಮೇಲೆ ಅಂಥದೇ ಇನ್ನೊಂದನ್ನು ಇಟ್ಟು ಅದೇ ಚೀಲ ಹಾಕಿದಾಗ 6 ಎಂಎಂ. ಬರೀ ಅರ್ಧ! ದಪ್ಪ ಎರಡರಷ್ಟಾಯಿತು, ಬಾಗೂ ಅರ್ಧವಾಯಿತು, ಲೆಕ್ಕ ಸರಿ ಅಂದುಕೊಂಡ.

ಆಗ ಅವೆರಡನ್ನೂ ಅಂಟು ಹಾಕಿ, ಕ್ಲ್ಯಾಂಪ್ ಬಿಗಿದು ರಾತ್ರಿಯಿಡೀ ಬಿಡಲು ಹೇಳಿದೆ. ಮರುದಿನ ಅದೇ ಚೀಲಕ್ಕೆ ಬಗ್ಗಿದ್ದು ಒಂದೂವರೆ ಎಂಎಂ. ಹುಡುಗ ಸ್ಕೇಲ್ ಹಿಡಿದು ಮೂರು ಸಲ ಅಳೆದ.

ಏಕೆ ಅಂತ ತೋರಿಸುವುದಕ್ಕೆ ಬೇರೆ ಎರಡು ಪಟ್ಟಿ ತೆಗೆದುಕೊಂಡೆ. ಒಂದರ ಮೇಲೊಂದು ಇಟ್ಟು, ತುದಿಯಲ್ಲಿ ಎರಡರ ಅಂಚಿಗೂ ಅಡ್ಡವಾಗಿ ಪೆನ್ಸಿಲ್ ಗೆರೆ ಎಳೆದೆ. ಕೈಯಲ್ಲಿ ಜೋರಾಗಿ ಬಗ್ಗಿಸಿದರೆ ಗೆರೆ ನಡುವೆ ಮುರಿದು ಎರಡಾಯಿತು. ಬಗ್ಗುವಾಗ ಪಟ್ಟಿಯ ಕೆಳಮೈ ಎಳೆಯಲ್ಪಡುತ್ತದೆ, ಮೇಲ್ಮೈ ಒತ್ತಲ್ಪಡುತ್ತದೆ. ಬಿಡಿ ಪಟ್ಟಿಗಳು ಒಂದರ ಮೇಲೊಂದು ಜಾರಿ, ತಮ್ಮ ಪಾಡಿಗೆ ತಾವು ಬಗ್ಗುತ್ತವೆ. ಅಂಟಿಸಿದರೆ ಜಾರುವಂತಿಲ್ಲ, ಎರಡೂ ಸೇರಿ ಒಂದೇ ಮರ. ಆಗ ಅಷ್ಟೇ ಬಾಗಿಗೆ ಹೊರಮೈ ಒಂಟಿ ಪಟ್ಟಿಯ ಎರಡರಷ್ಟು ಹಿಗ್ಗಬೇಕು. ಎಳೆತ ತಡೆಯುವ ಮರವೂ ಎರಡರಷ್ಟಿದೆ. ಅದು ದಪ್ಪದ ನಟ್ಟನಡುವಿನಿಂದ ಇರುವ ದೂರವೂ ಎರಡರಷ್ಟು, ಅಂದರೆ ಸನ್ನೆಕೋಲು ಉದ್ದವಾದ ಹಾಗೆ. ಎರಡು, ಎರಡು, ಎರಡು ಗುಣಿಸಿದರೆ ಎಂಟು. 12ರಲ್ಲಿ ಎಂಟನೇ ಒಂದು ಭಾಗ ಒಂದೂವರೆ.

‘ಹಾಗಾದರೆ ಮೇಷ್ಟ್ರ ಹಲಗೆಗೂ ಅಂಟಿಸೋಣ’ ಅಂದ. ಆಗಬಹುದು. ಆದರೆ ಪ್ಲೈ ಖರ್ಚು ಜಾಸ್ತಿ. ಹಲಗೆಯ ಸ್ವಂತ ಭಾರವೂ ಏರುತ್ತದೆ. ಇಟ್ಟಿಗೆ ಹತ್ತಿರಕ್ಕೆ ತಾ ಅಂದೆ.

ಎರಡು ಅಡಿ ಅಂತರಕ್ಕೆ ತಂದು, ಅಂಟಿಲ್ಲದ ಒಂದೇ ಪಟ್ಟಿಗೆ ಅದೇ ಚೀಲ ಹಾಕಿದ. ಮತ್ತೆ ಒಂದೂವರೆ ಎಂಎಂ! ಒಂದು ತುಣುಕು ಮರವನ್ನೂ ಸೇರಿಸದೆ ಅದೇ ಫಲ ಸಿಕ್ಕಿತು. ಕಪಾಟಿನಲ್ಲಿ ಇದಕ್ಕಿಂತ ಹೆಚ್ಚು ಲಾಭ ಇದೆ. ಚೀಲದ ಭಾರ ಅಷ್ಟೇ ಉಳಿಯಿತು, ಆದರೆ ಹಲಗೆಯ ನಡುವೆ ಆಸರೆ ಕೊಟ್ಟರೆ ಪ್ರತಿ ಅರ್ಧದ ಮೇಲೆ ಕೂರುವ ಪುಸ್ತಕವೂ ಅರ್ಧ. ಹಾಗಾಗಿ ಬಾಗು ಎಂಟಲ್ಲ, ಹದಿನಾರು ಪಟ್ಟು ಇಳಿಯುತ್ತದೆ. ಹಲಗೆಯನ್ನು ಅಗಲ ಮಾಡಿದ್ದರೆ ಇಂಥದ್ದೇನೂ ಸಿಗುತ್ತಿರಲಿಲ್ಲ. ಅಗಲ ಎರಡರಷ್ಟಾದರೆ ಬಾಗು ಅರ್ಧ, ಅಷ್ಟೇ. ಆ ಜಾಗದಲ್ಲಿ ಇನ್ನೊಂದು ಸಾಲು ಪುಸ್ತಕ ಇಟ್ಟರೆ ಆ ಲಾಭವೂ ಹೋಯಿತು.

ಮೇಷ್ಟ್ರ ಮನೆಯಲ್ಲಿ ಆಮೇಲೆ ಹುಡುಗನೇ ಕೆಲಸ ಮಾಡಿದ. ಬಗ್ಗಿದ ಹಲಗೆಯನ್ನು ಬಿಚ್ಚಿ, ಉಬ್ಬಿದ ಮೈ ಮೇಲೆ ಬರುವಂತೆ ತಿರುಗಿಸಿ ಹಾಕಿದ. ನಡುವೆ ಒಂದು ಹಲಗೆ ನಿಲ್ಲಿಸಿ, ಉಬ್ಬನ್ನು ಅದರ ಮೇಲೆ ಒತ್ತಿ ಸ್ಕ್ರೂ ಹಾಕಿದ. ನಾನು ಕೆಳಗಿನ ಸಾಲು ತೋರಿಸಿದೆ. ನಿಲ್ಲಿಸಿದ ಹಲಗೆ ಹೊತ್ತ ಭಾರ ಈಗ ಕೆಳಹಲಗೆಯ ನಡುಮಧ್ಯಕ್ಕೇ ಬೀಳುತ್ತದೆ. ಅವನು ಮಾತಾಡದೆ ಅದರ ಕೆಳಗೂ ಒಂದನ್ನು, ಅದರ ಕೆಳಗೂ ಒಂದನ್ನು, ನೆಲ ಮುಟ್ಟುವವರೆಗೆ ಒಂದೇ ನೇರಕ್ಕೆ ನಿಲ್ಲಿಸಿದ.

ಪುಸ್ತಕ ಜೋಡಿಸಿ ದಾರ ಬಿಗಿದು ಅಳೆದಾಗ ಎರಡು ಅಡಿಯ ಪ್ರತಿ ಭಾಗದಲ್ಲೂ ಇಳಿತ 1 ಎಂಎಂಗಿಂತ ಕಡಿಮೆ ಇತ್ತು. ತಿಂಗಳಾದ ಮೇಲೆ ಅವನು ತಾನಾಗಿ ಹೋಗಿ ಮತ್ತೆ ದಾರ ಹಿಡಿದು ಬಂದ. ಅಷ್ಟೇ ಇದೆ ಅಣ್ಣ, ಅಂದ.