ಸಿಕಲ್ ಸೆಲ್ ಮಗುವಿಗೆ ದಿನಾ ಎರಡು ಹೊತ್ತು ಪೆನಿಸಿಲಿನ್: ಒಂದು ಅಧ್ಯಯನ ಟಿಪ್ಪಣಿ

ಮಕ್ಕಳ ವಿಭಾಗದ ಪೋಸ್ಟಿಂಗ್‌ನಲ್ಲಿ ನಾವೆಲ್ಲ ಬಾಯಿಪಾಠ ಮಾಡಿಕೊಳ್ಳುವ ಮಾತು ಇದು: "ಸಿಕಲ್ ಸೆಲ್ ಮಗುವಿಗೆ ಐದು ವರ್ಷದವರೆಗೆ ಪೆನಿಸಿಲಿನ್ ವಿ, ದಿನಕ್ಕೆರಡು ಸಲ." ವೈವಾದಲ್ಲಿ ಇಷ್ಟು ಹೇಳಿದರೆ ನಡೆಯುತ್ತದೆ. ಆದರೆ ಹೊರರೋಗಿ ವಿಭಾಗದಲ್ಲಿ ತಾಯಿ ಎದುರಿಗೆ ಕೂತು, "ಮಗು ಚೆನ್ನಾಗೇ ಆಡ್ಕೊಂಡೈತಲ್ಲ ಮೇಡಂ, ಜ್ವರಾನೂ ಇಲ್ಲ, ದಿನಾ ಮಾತ್ರೆ ಯಾಕೆ?" ಎಂದು ಕೇಳಿದಾಗ ಉತ್ತರ ಕೊಡಲು ಇಷ್ಟು ಸಾಲುವುದಿಲ್ಲ. ಆ ತಾಯಿಗೆ ಹೇಳಬೇಕಾದದ್ದನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಟಿಪ್ಪಣಿ ಬರೆದಿದ್ದೇನೆ.

ಮೊದಲು ಗುಲ್ಮದ, ಅಂದರೆ ಸ್ಪ್ಲೀನ್‌ನ ಕೆಲಸ. ನ್ಯುಮೋಕಾಕಸ್ ಬ್ಯಾಕ್ಟೀರಿಯಾದ ಮೈಮೇಲೆ ಸಕ್ಕರೆ ಅಣುಗಳ ಲೋಳೆಯಂಥ ಕವಚವಿರುತ್ತದೆ. ಹಾಗಾಗಿ ರಕ್ಷಕ ಕಣಗಳ ಹಿಡಿತಕ್ಕೆ ಅದು ಸುಲಭವಾಗಿ ಸಿಗುವುದಿಲ್ಲ. ಆ ಕವಚಕ್ಕೆ ಪ್ರತಿಕಾಯಗಳು ಅಂಟಿಕೊಂಡರೆ ಯಕೃತ್ತು ಕೂಡ ಅದನ್ನು ಹಿಡಿದು ಮುಗಿಸಬಲ್ಲದು. ಪ್ರತಿಕಾಯ ಇಲ್ಲದಿದ್ದಾಗ ಉಳಿಯುವ ಆಸರೆ ಗುಲ್ಮ. ಅಲ್ಲಿ ರಕ್ತ ಇಕ್ಕಟ್ಟಾದ ಸಂದುಗಳಲ್ಲಿ ಬಹಳ ನಿಧಾನವಾಗಿ ಸೋಸಿಹೋಗುವುದರಿಂದ ಬ್ಯಾಕ್ಟೀರಿಯಾ ಸಿಕ್ಕಿಬೀಳುತ್ತದೆ. ಎರಡು ವರ್ಷದೊಳಗಿನ ಮಗುವಿನ ದೇಹಕ್ಕೆ ಇಂಥ ಸಕ್ಕರೆ ಕವಚದ ವಿರುದ್ಧ ಪ್ರತಿಕಾಯ ತಯಾರಿಸುವ ಶಕ್ತಿ ಇನ್ನೂ ಸರಿಯಾಗಿ ಬಂದಿರುವುದಿಲ್ಲ. ಆ ವಯಸ್ಸಿನಲ್ಲಿ ಎಲ್ಲ ಮಕ್ಕಳೂ ಗುಲ್ಮವನ್ನೇ ಹೆಚ್ಚು ನಂಬಿಕೊಂಡಿರುತ್ತಾರೆ.

ಸಿಕಲ್ ಸೆಲ್ ಮಗುವಿನಲ್ಲಿ ಮೊದಲು ಹಾಳಾಗುವ ಅಂಗವೇ ಗುಲ್ಮ. ಆ ಇಕ್ಕಟ್ಟು ಸಂದುಗಳಲ್ಲಿ ಆಮ್ಲಜನಕ ಕಡಿಮೆ, ರಕ್ತದ ಹರಿವು ನಿಧಾನ. ಅಲ್ಲೇ ಕೆಂಪು ಕಣಗಳು ಕುಡುಗೋಲಿನಂತೆ ಬಾಗಿ ಸಿಕ್ಕಿಕೊಳ್ಳುತ್ತವೆ, ಅಂಗಾಂಶ ತುಣುಕು ತುಣುಕಾಗಿ ಸಾಯುತ್ತಾ ಹೋಗುತ್ತದೆ. ಹುಟ್ಟಿದಾಗ ಇರುವ ಭ್ರೂಣದ ಹಿಮೋಗ್ಲೋಬಿನ್ ಕೆಲವು ತಿಂಗಳು ಕಾಪಾಡುತ್ತದೆ. ಅದು ಇಳಿಯುತ್ತಿದ್ದಂತೆ, ಅನೇಕ ಮಕ್ಕಳಲ್ಲಿ ಮೊದಲ ವರ್ಷದೊಳಗೇ ಸೋಸುವ ಕೆಲಸ ಕುಂಠಿತವಾಗಿರುತ್ತದೆ. ನಾವು ಸುಲಭವಾಗಿ ಮೋಸಹೋಗುವುದು ಇಲ್ಲೇ. ಹೊಟ್ಟೆ ಮುಟ್ಟಿ ನೋಡಿದರೆ ಗುಲ್ಮ ದೊಡ್ಡದಾಗಿ ಕೈಗೆ ಸಿಗುತ್ತದೆ, "ಸ್ಪ್ಲೀನ್ ಇದೆಯಲ್ಲ" ಎನಿಸುತ್ತದೆ. ಗಾತ್ರವಿದ್ದರೂ ಕೆಲಸ ನಿಂತಿರಬಹುದು. ರಕ್ತದ ಸ್ಮಿಯರ್ ನೋಡಿದರೆ ಸುಳಿವು ಸಿಗುತ್ತದೆ: ಕೆಲವು ಕೆಂಪು ಕಣಗಳೊಳಗೆ ದುಂಡನೆಯ, ಕಡುನೇರಳೆ ಬಣ್ಣದ ಒಂದೇ ಒಂದು ಚುಕ್ಕೆ. ಅದೇ ಹೋವೆಲ್-ಜಾಲಿ ಬಾಡಿ, ಕೋಶಕೇಂದ್ರದ ಉಳಿದ ಚೂರು. ಆರೋಗ್ಯವಂತ ಗುಲ್ಮವಾದರೆ ಅದನ್ನು ಕಿತ್ತು ತೆಗೆದು ಕಣವನ್ನು ಮುಂದೆ ಕಳಿಸುತ್ತಿತ್ತು. ಚುಕ್ಕೆ ಹಾಗೇ ಉಳಿದಿದೆಯೆಂದರೆ ಗುಲ್ಮದಲ್ಲಿ ಸೋಸುವ ಕೆಲಸ ನಡೆಯುತ್ತಿಲ್ಲ ಎಂದರ್ಥ.

ಪ್ರತಿಕಾಯ ಇನ್ನೂ ಬಂದಿಲ್ಲ, ಗುಲ್ಮ ಆಗಲೇ ಹೋಗಿದೆ. ಈ ನಡುವಿನ ಕೆಲವು ವರ್ಷಗಳಲ್ಲಿ ಮೂಗು ಗಂಟಲಿನಲ್ಲಿ ಸುಮ್ಮನೆ ಕೂತಿದ್ದ ನ್ಯುಮೋಕಾಕಸ್ ರಕ್ತಕ್ಕೆ ಇಳಿದರೆ ಬೆಳಿಗ್ಗೆ ಆಡುತ್ತಿದ್ದ ಮಗು ಅದೇ ರಾತ್ರಿ ಶಾಕ್‌ಗೆ ಹೋಗಬಹುದು. ದಿನನಿತ್ಯದ ಪೆನಿಸಿಲಿನ್ ಕಾಯುವುದು ಈ ವರ್ಷಗಳನ್ನೇ.

ಇದಕ್ಕೆ ಆಧಾರವಾದ ಅಧ್ಯಯನವನ್ನು ಎಲ್ಲರೂ ಒಮ್ಮೆ ಅಂಕಿ ಸಮೇತ ನೋಡಬೇಕು. ಡಾ. ಮೇರಿಲಿನ್ ಗ್ಯಾಸ್ಟನ್ ನೇತೃತ್ವದಲ್ಲಿ ಅಮೆರಿಕದ 23 ಕೇಂದ್ರಗಳಲ್ಲಿ ನಡೆದು 1986ರಲ್ಲಿ ಪ್ರಕಟವಾದದ್ದು. ಮೂರು ತಿಂಗಳಿಂದ ಮೂರು ವರ್ಷದೊಳಗಿನ 215 ಮಕ್ಕಳು, ಎಲ್ಲರಿಗೂ ಎಸ್‌ಎಸ್ ವಿಧದ ಕಾಯಿಲೆ. 105 ಮಕ್ಕಳಿಗೆ ಪೆನಿಸಿಲಿನ್ ವಿ 125 ಮಿ.ಗ್ರಾಂ ದಿನಕ್ಕೆರಡು ಸಲ, ಉಳಿದ 110 ಮಕ್ಕಳಿಗೆ ಅದರ ಬದಲು ವಿಟಮಿನ್ ಸಿ ಮಾತ್ರೆ. ಸರಾಸರಿ 15 ತಿಂಗಳಲ್ಲಿ ವಿಟಮಿನ್ ಗುಂಪಿನ 13 ಮಕ್ಕಳಿಗೆ ನ್ಯುಮೋಕಾಕಸ್ ರಕ್ತದ ಸೋಂಕು ಬಂತು, ಮೂವರು ತೀರಿಕೊಂಡರು. ಪೆನಿಸಿಲಿನ್ ಗುಂಪಿನಲ್ಲಿ ಸೋಂಕು ಇಬ್ಬರಿಗೆ, ಸಾವು ಒಂದೂ ಇಲ್ಲ. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಅಧ್ಯಯನವನ್ನು ನಿಗದಿಗಿಂತ ಎಂಟು ತಿಂಗಳು ಮೊದಲೇ ನಿಲ್ಲಿಸಿ ಎಲ್ಲ ಮಕ್ಕಳಿಗೂ ಪೆನಿಸಿಲಿನ್ ಕೊಡಲಾಯಿತು.

ಲೆಕ್ಕ ಮಾಡಿ ನೋಡಿ. 110ರಲ್ಲಿ 13 ಅಂದರೆ ಸುಮಾರು ನೂರಕ್ಕೆ 12, 105ರಲ್ಲಿ 2 ಅಂದರೆ ನೂರಕ್ಕೆ 2. ಸೋಂಕು ಶೇ. 84ರಷ್ಟು ಕಡಿಮೆ. ಇನ್ನೊಂದು ರೀತಿ ಹೇಳುವುದಾದರೆ, ಆ ಕಾಲದಲ್ಲಿ ಹತ್ತು ಮಕ್ಕಳಿಗೆ ಒಂದು ವರ್ಷ ಮೂರು ತಿಂಗಳು ಮಾತ್ರೆ ಕೊಟ್ಟರೆ ಒಂದು ಮಗುವಿಗೆ ಸೆಪ್ಸಿಸ್ ತಪ್ಪುತ್ತಿತ್ತು. "ಆ ಕಾಲದಲ್ಲಿ" ಎಂದದ್ದಕ್ಕೆ ಕಾರಣವಿದೆ. ಪುಟ್ಟ ಮಕ್ಕಳಲ್ಲೂ ಪ್ರತಿಕಾಯ ಹುಟ್ಟಿಸಬಲ್ಲ ಕಾಂಜುಗೇಟ್ ಲಸಿಕೆ ಆಗ ಇರಲಿಲ್ಲ. ಈಗ ಅದು ನಮ್ಮ ಸರ್ಕಾರಿ ಲಸಿಕಾ ಪಟ್ಟಿಯಲ್ಲೇ ಇದೆ: ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳು. ಹಾಗಾಗಿ ಇಂದು ಉಪಯೋಗದ ಪ್ರಮಾಣ ಆಗಿನಷ್ಟೇ ಇರಲಾರದು. ಆದರೂ ಲಸಿಕೆ ಕೆಲವು ಬಗೆಯ ನ್ಯುಮೋಕಾಕಸ್‌ಗಳನ್ನಷ್ಟೇ ತಡೆಯುವುದರಿಂದ ಮಾತ್ರೆಯನ್ನು ಕೈಬಿಟ್ಟಿಲ್ಲ.

ಈ ಅಧ್ಯಯನದಿಂದ ಹೊರಟ ಇನ್ನೊಂದು ತೀರ್ಮಾನ ಇನ್ನೂ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ನಾಲ್ಕು ತಿಂಗಳೊಳಗೆ ಔಷಧ ಶುರುವಾಗಬೇಕಾದರೆ ಕಾಯಿಲೆ ಅದಕ್ಕೂ ಮೊದಲೇ ಗೊತ್ತಾಗಬೇಕು. ಕೈಕಾಲು ಊದಿ, ನೋವಿನಿಂದ ಅಳುತ್ತಾ ಮಗು ಬರುವವರೆಗೆ ಕಾದರೆ ತಡವಾಯಿತು. ನವಜಾತ ಶಿಶುಗಳ ತಪಾಸಣೆ ಬೇಕೆಂಬ ವಾದಕ್ಕೆ ಬಲ ಬಂದದ್ದು ಇದರಿಂದಲೇ. 2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ ಕರ್ನಾಟಕವೂ ಇದೆ. ಮೈಸೂರು, ಚಾಮರಾಜನಗರ, ಕೊಡಗಿನ ಹಾಡಿ, ಪೋಡುಗಳಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ತಪಾಸಣೆಯ ಕಾರ್ಡ್ ಕೊಟ್ಟಲ್ಲಿಗೆ ಕೆಲಸ ಮುಗಿಯುವುದಿಲ್ಲ, ಮಗುವಿನ ಕಾರ್ಡ್‌ನಲ್ಲಿ ಎಸ್‌ಎಸ್ ಎಂದಿದ್ದರೆ ಮಾತ್ರೆ ಶುರುವಾಗಬೇಕು.

ಈಗ ಒಂದು ಉದಾಹರಣೆ. ಹೆಗ್ಗಡದೇವನಕೋಟೆ ಕಡೆಯ ಒಂದು ಹಾಡಿಯ ಹದಿನಾಲ್ಕು ತಿಂಗಳ ಹೆಣ್ಣುಮಗು, ತೂಕ 8 ಕಿಲೋ, ಎಸ್‌ಎಸ್ ಎಂದು ಖಚಿತವಾಗಿದೆ ಎಂದುಕೊಳ್ಳಿ. ಪ್ರಮಾಣ: ಮೂರು ವರ್ಷದವರೆಗೆ 125 ಮಿ.ಗ್ರಾಂ ದಿನಕ್ಕೆರಡು ಸಲ, ಆಮೇಲೆ ಐದರವರೆಗೆ 250 ಮಿ.ಗ್ರಾಂ ದಿನಕ್ಕೆರಡು ಸಲ. (ಬ್ರಿಟನ್ನಿನಲ್ಲಿ ವಯಸ್ಸಿನ ಗೆರೆಗಳು ಸ್ವಲ್ಪ ಬೇರೆ. ನಿಮ್ಮ ವಿಭಾಗದ ಪಟ್ಟಿಯನ್ನು ನೋಡಿಕೊಳ್ಳಿ.) ಪಟ್ಟಿಯ ಮೇಲೆ ಯೂನಿಟ್ ಲೆಕ್ಕವಿದ್ದರೆ ಗಾಬರಿ ಬೇಡ, 4 ಲಕ್ಷ ಯೂನಿಟ್ ಅಂದರೆ 250 ಮಿ.ಗ್ರಾಂ.

ನೀರು ಬೆರೆಸಿದ ಸಿರಪ್ ಫ್ರಿಜ್‌ನಲ್ಲಿಟ್ಟರೂ ಒಂದೆರಡು ವಾರಕ್ಕೆ ಹಾಳಾಗುತ್ತದೆ. ಈ ಮನೆಯಲ್ಲಿ ಫ್ರಿಜ್ ಇಲ್ಲ. ಹಾಗಾಗಿ ಮಾತ್ರೆಯೇ ಒಳ್ಳೆಯದು: 250 ಮಿ.ಗ್ರಾಂ ಮಾತ್ರೆಯ ಅರ್ಧವನ್ನು ಎರಡು ಚಮಚಗಳ ನಡುವೆ ಪುಡಿ ಮಾಡಿ, ಒಳಲೆಯಲ್ಲಿ ಸ್ವಲ್ಪ ನೀರಿಗೆ ಕಲಸಿ, ಊಟಕ್ಕೆ ಮೊದಲು ಕುಡಿಸುವುದು. ಬೆಳಿಗ್ಗೆ ಅರ್ಧ, ರಾತ್ರಿ ಅರ್ಧ, ತಿಂಗಳಿಗೆ 30 ಮಾತ್ರೆ. ಹೊತ್ತು ತಪ್ಪಿಸಬಾರದು ಎನ್ನಲು ಕಾರಣ, ರಕ್ತದಲ್ಲಿ ಪೆನಿಸಿಲಿನ್ ಅರ್ಧಕ್ಕಿಳಿಯಲು ಒಂದು ಗಂಟೆಯೂ ಬೇಡ. ಎರಡು ಹೊತ್ತು ಕೊಟ್ಟರೂ ನಡುವೆ ಖಾಲಿ ಸಮಯ ಇದ್ದೇ ಇರುತ್ತದೆ, ಒಂದು ಹೊತ್ತು ಬಿಟ್ಟರೆ ಅದು ಇಡೀ ದಿನಕ್ಕೆ ಹಿಗ್ಗುತ್ತದೆ.

ಮುಂದಿನ ಭೇಟಿಯಲ್ಲಿ "ಸರಿಯಾಗಿ ಕೊಡ್ತಿದ್ದೀರಾ?" ಎಂದು ಕೇಳಬೇಡಿ. ಎಲ್ಲರೂ ಹೂಂ ಎನ್ನುತ್ತಾರೆ. "ಮಾತ್ರೆ ಪಟ್ಟಿ ತಂದಿದ್ದೀರಾ ಅಕ್ಕ, ನೋಡೋಣ" ಎನ್ನಿ. ಮೂವತ್ತು ದಿನ ಕಳೆದ ಮೇಲೆ 12 ಮಾತ್ರೆ ಉಳಿದಿದ್ದರೆ ಹೋಗಿರುವುದು 18, ಅಂದರೆ 60 ಹೊತ್ತಿನಲ್ಲಿ 36 ಮಾತ್ರ. ಇದನ್ನು ಆ ತಾಯಿಯ ತಪ್ಪೆಂದು ನೋಡಬೇಡಿ. ಅಮೆರಿಕದಲ್ಲೇ 261 ಮಕ್ಕಳ ಔಷಧಿ ದಾಖಲೆ ತೆಗೆದು ನೋಡಿದಾಗ ವರ್ಷದ 365 ದಿನಗಳಲ್ಲಿ ಸರಾಸರಿ 148 ದಿನಕ್ಕಾಗುವಷ್ಟು ಔಷಧವನ್ನಷ್ಟೇ ಮನೆಯವರು ಪಡೆದಿದ್ದರು. ಯಾವ ಹೊತ್ತು ತಪ್ಪುತ್ತಿದೆ ಎಂದು ಕೇಳಿ. ಬೆಳಿಗ್ಗೆ ತೋಟದ ಕೂಲಿಗೆ ಹೋಗುವಾಗ ಮಗು ಅಜ್ಜಿಯ ಬಳಿ ಇರುತ್ತದೆ ಎಂದಾದರೆ, ಮಾತ್ರೆ ಪುಡಿ ಮಾಡುವುದನ್ನು ಅಜ್ಜಿಗೆ ಕಲಿಸಬೇಕು. ಎಷ್ಟು ಮಾಡಿದರೂ ಆಗದ ಮನೆಗಳಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದಿನ ದಾರಿಯಿದೆ. ನೋವು ಹೆಚ್ಚು, ಆದರೆ ಕೊಟ್ಟದ್ದು ಖಾತ್ರಿ. ಪೆನಿಸಿಲಿನ್ ಅಲರ್ಜಿ ಇದ್ದವರಿಗೆ ಎರಿಥ್ರೋಮೈಸಿನ್.

ಈ ಮಗುವಿಗೆ ಒಂದು ರಾತ್ರಿ ಒಂಬತ್ತಕ್ಕೆ 102 ಡಿಗ್ರಿ ಜ್ವರ ಬಂತು ಎನ್ನೋಣ. ಮನೆಯವರ ಯೋಚನೆ ಸಹಜವಾದದ್ದೇ: ಹೇಗೂ ಪೆನಿಸಿಲಿನ್ ಕೊಡುತ್ತಿದ್ದೇವೆ, ಪ್ಯಾರಾಸಿಟಮಾಲ್ ಹಾಕಿ ಬೆಳಿಗ್ಗೆ ನೋಡೋಣ. ಮಕ್ಕಳನ್ನು ಕಳೆದುಕೊಳ್ಳುವುದು ಇಂಥ ರಾತ್ರಿಗಳಲ್ಲೇ. ಈ ಔಷಧ ರಕ್ತಕ್ಕಿಳಿದ ಬೆರಳೆಣಿಕೆಯ ಬ್ಯಾಕ್ಟೀರಿಯಾಗಳನ್ನು ಮುಗಿಸಬಲ್ಲದು, ಹಬ್ಬಿಬಿಟ್ಟ ಸೆಪ್ಸಿಸ್‌ಗೆ ಈ ಪ್ರಮಾಣ ಏನೂ ಅಲ್ಲ. ಪೆನಿಸಿಲಿನ್‌ಗೆ ಬಗ್ಗದ ನ್ಯುಮೋಕಾಕಸ್ ಇದೆ. ಈ ಕಾಯಿಲೆಯಲ್ಲಿ ಕಾಡುವ ಸಾಲ್ಮೊನೆಲ್ಲಾವನ್ನು ಇದು ತಡೆಯುವುದೇ ಇಲ್ಲ. ಆದ್ದರಿಂದ 101.3 ಡಿಗ್ರಿ, ಅಂದರೆ 38.5 ಸೆಲ್ಸಿಯಸ್ ಮುಟ್ಟಿದರೆ ರಾತ್ರಿಯೇ ಆಗಲಿ ಆಸ್ಪತ್ರೆಗೆ ಹೊರಡಬೇಕು. ಅಲ್ಲಿ ಬ್ಲಡ್ ಕಲ್ಚರ್‌ಗೆ ರಕ್ತ ತೆಗೆದ ತಕ್ಷಣ ಸೆಫ್ಟ್ರಿಯಾಕ್ಸೋನ್, ಕಿಲೋಗೆ 75 ಮಿ.ಗ್ರಾಂನಂತೆ ಈ ಮಗುವಿಗೆ 600 ಮಿ.ಗ್ರಾಂ. ವರದಿ ಬರಲೆಂದು ಕಾಯುವಂತಿಲ್ಲ, ಕಲ್ಚರ್ ಬಾಟಲಿ ಇಲ್ಲದ ಕೇಂದ್ರದಲ್ಲಿ ಅದಕ್ಕಾಗಿಯೂ ಕಾಯುವಂತಿಲ್ಲ. ಅದೇ ಹೊತ್ತಿಗೆ ಗುಲ್ಮ ದಿಢೀರನೆ ಊದಿದೆಯೇ, ಮಗು ಬಿಳಿಚಿದೆಯೇ ಎಂದೂ ನೋಡಿ. ರಕ್ತ ಗುಲ್ಮದಲ್ಲೇ ತುಂಬಿಕೊಂಡು ನಿಂತರೆ ಅದು ಬೇರೆಯೇ ತುರ್ತು.

ನಿಲ್ಲಿಸುವುದು ಯಾವಾಗ? 1995ರಲ್ಲಿ ಪ್ರಕಟವಾದ ಎರಡನೆಯ ಅಧ್ಯಯನದಲ್ಲಿ ಐದು ವರ್ಷ ತುಂಬಿದ 400 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಮಾತ್ರೆ ಮುಂದುವರಿಸಿ, ಉಳಿದವರಿಗೆ ನಿಲ್ಲಿಸಿ ನೋಡಿದರು. ನಿಲ್ಲಿಸಿದ 199ರಲ್ಲಿ ನಾಲ್ವರಿಗೆ, ಮುಂದುವರಿಸಿದ 201ರಲ್ಲಿ ಇಬ್ಬರಿಗೆ ಸೋಂಕು ಬಂತು. ವ್ಯತ್ಯಾಸ ಖಚಿತವಾಗಿ ಹೇಳುವಷ್ಟಿರಲಿಲ್ಲ. "ಐದು ವರ್ಷ" ಎಂಬುದು ಬಂದದ್ದು ಇಲ್ಲಿಂದ. ಆದರೆ ಅದಕ್ಕೆ ಷರತ್ತುಗಳಿವೆ: ಮೊದಲು ತೀವ್ರ ನ್ಯುಮೋಕಾಕಸ್ ಸೋಂಕು ಬಂದಿರಬಾರದು, ಶಸ್ತ್ರಚಿಕಿತ್ಸೆಯಲ್ಲಿ ಗುಲ್ಮ ತೆಗೆದಿರಬಾರದು, ಲಸಿಕೆಗಳೆಲ್ಲ ಆಗಿರಬೇಕು, ಜ್ವರ ಬಂದಾಗ ತಲುಪಬಹುದಾದ ಆಸ್ಪತ್ರೆ ಇರಬೇಕು. ಕೊನೆಯದನ್ನು ನಾವು ಮರೆಯುತ್ತೇವೆ. ಮಳೆಗಾಲದಲ್ಲಿ ದಾರಿ ಕಡಿದುಹೋಗುವ ಹಾಡಿಯ ಮಗುವಿಗೆ ಐದು ತುಂಬಿತೆಂದು ಮಾತ್ರೆ ನಿಲ್ಲಿಸಲು ನಾನಂತೂ ಅವಸರ ಮಾಡುವುದಿಲ್ಲ.

ಗುಲ್ಮ ತೆಗೆದ ಮಕ್ಕಳ ಲೆಕ್ಕ ಇದಕ್ಕೆ ಹತ್ತಿರದ್ದೇ. ಥಲಸೀಮಿಯಾ, ಸ್ಫೆರೊಸೈಟೋಸಿಸ್‌ನಂಥ ಕಾಯಿಲೆಗೆ ಯೋಜಿಸಿ ಮಾಡುವ ಶಸ್ತ್ರಚಿಕಿತ್ಸೆಯಾದರೆ ಸಾಧ್ಯವಾದಷ್ಟು ಐದಾರು ವರ್ಷದ ನಂತರಕ್ಕೆ ಮುಂದೂಡಿ, ಕನಿಷ್ಠ ಎರಡು ವಾರ ಮೊದಲೇ ಲಸಿಕೆ ಮುಗಿಸುತ್ತಾರೆ. ಆಮೇಲೆ ಪೆನಿಸಿಲಿನ್: ಐದರೊಳಗಿನವರಿಗೆ ಕಡ್ಡಾಯ, ದೊಡ್ಡ ಮಕ್ಕಳಿಗೆ ಶಸ್ತ್ರಚಿಕಿತ್ಸೆಯ ನಂತರ ಕನಿಷ್ಠ ಒಂದು ವರ್ಷ, ಒಮ್ಮೆ ಸೆಪ್ಸಿಸ್ ಬಂದವರಿಗೆ ಜೀವನಪೂರ್ತಿ. ಅಪಾಯ ಮೊದಲೆರಡು ವರ್ಷ ಹೆಚ್ಚು, ಆದರೆ ಪೂರ್ತಿ ಹೋಗುವುದಿಲ್ಲ. ಅದಕ್ಕೇ ಮಾತ್ರೆ ನಿಲ್ಲಿಸುವ ದಿನ ಮಗುವಿನ ಪುಸ್ತಕದ ಹೊರರಟ್ಟಿನ ಮೇಲೆ, ಯಾರಿಗೂ ಕಾಣುವಂತೆ ಕೆಂಪು ಶಾಯಿಯಲ್ಲಿ ಬರೆದುಕೊಡಬೇಕು: "ಗುಲ್ಮ ಇಲ್ಲ. ಜ್ವರ ಬಂದರೆ ಅದೇ ದಿನ ಆಸ್ಪತ್ರೆ."