ಮಾತ್ರೆ ಮುಗಿದ ಮೇಲೆ ಮೈತುಂಬ ದದ್ದು: ಸಿಟ್ರಿಜಿನ್ ಸಾಕಾ, ಆಸ್ಪತ್ರೆಗೆ ಓಡಬೇಕಾ?

ಪ್ರಶ್ನೆ: ನಮ್ಮ ಅಮ್ಮನಿಗೆ 58 ವರ್ಷ. ದವಡೆ ಹಲ್ಲಿನಲ್ಲಿ ಕೀವಾಗಿತ್ತು. ಹಲ್ಲಿನ ಡಾಕ್ಟರು ಐದು ದಿನಕ್ಕೆ ಅಮಾಕ್ಸಿಸಿಲಿನ್ ಮತ್ತು ಒಂದು ನೋವಿನ ಮಾತ್ರೆ ಕೊಟ್ಟಿದ್ದರು. ಮಾತ್ರೆ ಮುಗಿದು ಎರಡು ದಿನ ಆದ ಮೇಲೆ ಸಂಜೆ ಎದೆ, ಬೆನ್ನ ಮೇಲೆ ದದ್ದು ಶುರುವಾಯಿತು. ರಾತ್ರಿ ಹತ್ತರ ಹೊತ್ತಿಗೆ ತೋಳಿಗೂ ಹರಡಿ ವಿಪರೀತ ತುರಿಕೆ. ಅತ್ತಿಗೆ ಸಿಟ್ರಿಜಿನ್ ಕೊಟ್ಟು ಮಲಗಿಸೋಣ ಅಂದರು, ಅಣ್ಣ ಈಗಲೇ ಆಸ್ಪತ್ರೆಗೆ ಅಂದ. ಕೊನೆಗೆ ಸಿಟ್ರಿಜಿನ್ ಕೊಟ್ಟೆವು. ಅಮ್ಮ ಈಗ ಆರಾಮಾಗಿದ್ದಾರೆ. ಆದರೆ ನಾವು ಮಾಡಿದ್ದು ಸರಿಯಾ? ಮಾತ್ರೆ ಮುಗಿದ ಮೇಲೆ ಬಂದ ದದ್ದು ಮಾತ್ರೆಯಿಂದಲೇ ಬಂದಿದ್ದಾ?

ಉತ್ತರ: ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಅದು ಗೊತ್ತಾದರೆ ಮಿಕ್ಕಿದ್ದು ಸುಲಭ.

ಮಾತ್ರೆಯಿಂದಲೇ ಬಂದಿರುವ ಸಾಧ್ಯತೆ ಜಾಸ್ತಿ. ಔಷಧದಿಂದ ಬರುವ ದದ್ದುಗಳಲ್ಲಿ ಹೆಚ್ಚಿನವು ಮೊದಲ ಮಾತ್ರೆ ನುಂಗಿದ ದಿನ ಬರುವುದಿಲ್ಲ. ನಮ್ಮ ರಕ್ತದ ರಕ್ಷಣಾ ಕಣಗಳು ಆ ಔಷಧವನ್ನು ಗುರುತು ಹಿಡಿದು, ಸಂಖ್ಯೆ ಹೆಚ್ಚಿಸಿಕೊಂಡು, ಚರ್ಮಕ್ಕೆ ಬಂದು ಸೇರಲು ಸಮಯ ಬೇಕು. ಸಾಮಾನ್ಯವಾಗಿ 4ರಿಂದ 14 ದಿನ. ಅಷ್ಟರಲ್ಲಿ ಐದು ದಿನದ ಕೋರ್ಸ್ ಮುಗಿದೇ ಹೋಗಿರುತ್ತದೆ. ನಿಮ್ಮ ಅಮ್ಮನಿಗೆ ಏಳನೇ ದಿನ ಬಂತು, ಲೆಕ್ಕಕ್ಕೆ ಸರಿಯಾಗಿದೆ. ಹಿಂದೆ ಅದೇ ಔಷಧಕ್ಕೆ ದದ್ದು ಬಂದಿದ್ದರೆ ಮಾತ್ರ ಎರಡನೇ ಸಲ ಒಂದೆರಡು ದಿನದಲ್ಲೇ ಬರಬಹುದು.

ಮೈಮೇಲೆ ಏನೇ ಎದ್ದರೂ ನಮ್ಮಲ್ಲಿ 'ಪಿತ್ತದ ಗಂಧೆ' ಅನ್ನುತ್ತಾರೆ, ಕಂಬಳಿಯಿಂದ ಉಜ್ಜುತ್ತಾರೆ. ಆದರೆ ಗಂಧೆ ಬೇರೆ, ನಿಮ್ಮ ಅಮ್ಮನಿಗೆ ಬಂದ ಥರದ ದದ್ದು ಬೇರೆ. ಗಂಧೆ ಅಂದರೆ ಸೊಳ್ಳೆ ಕಚ್ಚಿದ ಹಾಗೆ ಉಬ್ಬಿದ, ಅಂಚು ಎದ್ದ ಬಾವು. ಅದು ಜಾಗ ಬದಲಿಸುತ್ತದೆ. ಬೆಳಗ್ಗೆ ಹೊಟ್ಟೆ ಮೇಲಿದ್ದದ್ದು ಸಂಜೆ ತೊಡೆಯ ಮೇಲೆ. ಗೊತ್ತಾಗದಿದ್ದರೆ ಒಂದು ಗುಳ್ಳೆಯ ಸುತ್ತ ಬಾಲ್ ಪೆನ್ನಿನಿಂದ ಗೆರೆ ಎಳೆಯಿರಿ. 24 ಗಂಟೆಯೊಳಗೆ ಗೆರೆಯ ಒಳಗಿನ ಉಬ್ಬು ಕಲೆ ಉಳಿಸದೆ ಮಾಯವಾಗಿದ್ದರೆ ಅದು ಗಂಧೆ. ಇನ್ನೊಂದು, ದಡಾರದ ಹಾಗೆ ಕಾಣುವ ಸಣ್ಣ ಸಣ್ಣ ದದ್ದು. ಎದೆ, ಬೆನ್ನಿನಿಂದ ಶುರುವಾಗಿ ಎರಡೂ ಕಡೆ ಒಂದೇ ರೀತಿ ಕೈಕಾಲಿಗೆ ಇಳಿಯುತ್ತದೆ. ಗೆರೆ ಎಳೆದರೆ ನಾಳೆಯೂ ಅಲ್ಲೇ ಇರುತ್ತದೆ. ಅಂದಹಾಗೆ, ನಮ್ಮ ಕಪ್ಪು, ಗೋಧಿ ಬಣ್ಣದ ಚರ್ಮದಲ್ಲಿ 'ಕೆಂಪು ದದ್ದು' ಅಂತ ಹುಡುಕಿದರೆ ಕಾಣದೇ ಹೋಗಬಹುದು. ಕಂದು ಅಥವಾ ನೇರಳೆ ಛಾಯೆ ಇರುತ್ತದೆ. ಅಂಗೈಯಿಂದ ಸವರಿ ನೋಡಿದರೆ ರವೆ ಮುಟ್ಟಿದ ಹಾಗೆ ತರಿತರಿ ಸಿಗುತ್ತದೆ.

ಸಿಟ್ರಿಜಿನ್ ಕೆಲಸ ಮಾಡುವ ರೀತಿ ಇವೆರಡರಲ್ಲೂ ಒಂದೇ ಅಲ್ಲ. ಗಂಧೆಗೆ ಕಾರಣ ಚರ್ಮದಲ್ಲಿ ಬಿಡುಗಡೆಯಾಗುವ ಹಿಸ್ಟಮಿನ್. ಸಿಟ್ರಿಜಿನ್ ಅದನ್ನೇ ತಡೆಯುತ್ತದೆ. ಹಾಗಾಗಿ ಸುಮಾರು ಒಂದು ಗಂಟೆಯಲ್ಲಿ ಉಬ್ಬು ಇಳಿಯಲು ಶುರುವಾಗಬಹುದು. ದಡಾರದಂಥ ದದ್ದಿಗೆ ಕಾರಣ ಚರ್ಮಕ್ಕೆ ಬಂದು ಕೂತ ಕಣಗಳು. ಅವಕ್ಕೆ ಸಿಟ್ರಿಜಿನ್ ಏನೂ ಮಾಡದು. ತುರಿಕೆ ಸ್ವಲ್ಪ ತಗ್ಗುತ್ತದೆ, ನಿದ್ದೆ ಬರುತ್ತದೆ, ಅಷ್ಟೇ. ಮಾತ್ರೆ ಕೊಟ್ಟರೂ ಮರುದಿನ ದದ್ದು ಕಾಲಿಗೆ ಇಳಿದರೆ ಅದಕ್ಕೇ ಗಾಬರಿಯಾಗಬೇಡಿ. ಔಷಧ ನಿಲ್ಲಿಸಿದ ಮೇಲೂ ಎರಡು ಮೂರು ದಿನ ಹರಡುವುದು ಈ ದದ್ದಿನ ಸ್ವಭಾವ.

ಹಾಗಾದರೆ ಆಸ್ಪತ್ರೆಗೆ ಹೋಗಬೇಕೋ ಬೇಡವೋ ಅನ್ನುವುದನ್ನು ಯಾವುದರ ಮೇಲೆ ತೀರ್ಮಾನಿಸೋದು? ಎಲ್ಲರೂ ನೋಡುವುದು ಎಷ್ಟು ಹರಡಿದೆ, ಎಷ್ಟು ತುರಿಸುತ್ತಿದೆ ಅಂತ. ನನ್ನ ಪ್ರಕಾರ ಇವೆರಡೂ ದಾರಿ ತಪ್ಪಿಸುತ್ತವೆ. ಮೈತುಂಬ ಇದ್ದು ರಾತ್ರಿಯಿಡೀ ತುರಿಸುವ ದದ್ದು ಹತ್ತು ದಿನದಲ್ಲಿ ಸುಮ್ನೆ ಹೋಗಬಹುದು. ಎದೆ ಮೇಲೆ ನಾಲ್ಕೇ ನಾಲ್ಕು ಕಲೆ ಇದ್ದು, ಮುಟ್ಟಿದರೆ ನೋಯುತ್ತಿದ್ದರೆ ಅದು ಜೀವಕ್ಕೆ ಕುತ್ತಾಗಬಹುದು.

ಹೌಸ್ ಸರ್ಜನ್ ಆಗಿದ್ದಾಗ ನೋಡಿದ ಒಬ್ಬ ರೈತರು ಈಗಲೂ ನೆನಪಾಗುತ್ತಾರೆ. ಮುಖದ ನರದ ನೋವಿಗೆ ಕಾರ್ಬಮಜಪಿನ್ ಶುರು ಮಾಡಿ ಎರಡು ವಾರ ಆಗಿತ್ತು. ಮೊದಲು ಎರಡು ದಿನ ಜ್ವರ, ಗಂಟಲು ನೋವು. ಆಮೇಲೆ ಎದೆ ಮೇಲೆ ದದ್ದು. ಮೆಡಿಕಲ್ ಶಾಪಿನಲ್ಲಿ ಅಲರ್ಜಿ ಮಾತ್ರೆ ತೆಗೆದುಕೊಂಡರು. ಬಾಯಲ್ಲಿ ಹುಣ್ಣಾಯಿತು. ಮನೆಯವರು "ಗುಳಿಗೆ ಉಷ್ಣ ಆಗಿದೆ" ಅಂತ ಮಜ್ಜಿಗೆ, ಎಳನೀರು ಕೊಟ್ಟರು. ಕಣ್ಣು ಕೆಂಪಾಯಿತು, ಅದೂ ಉಷ್ಣ. ಕಾರ್ಬಮಜಪಿನ್ ಮಾತ್ರ ದಿನಕ್ಕೆರಡು ಸಲ ನಡೆದೇ ಇತ್ತು. ನಾಲ್ಕನೇ ದಿನ ನಮ್ಮಲ್ಲಿಗೆ ಬಂದಾಗ ಅಂಗಿ ತೆಗೆದರೆ ಬೆನ್ನಿನ ಚರ್ಮ ಬೆಂದ ಆಲೂಗಡ್ಡೆ ಸಿಪ್ಪೆಯಂತೆ ಬಟ್ಟೆಗೆ ಅಂಟಿಕೊಂಡು ಬಂತು. ಇದಕ್ಕೆ ಸ್ಟೀವನ್ಸ್ ಜಾನ್ಸನ್ ಸಿಂಡ್ರೋಮ್ ಅನ್ನುತ್ತೇವೆ. ಅವರು ಉಳಿದರು, ಸುಟ್ಟ ಗಾಯದವರನ್ನು ನೋಡಿಕೊಳ್ಳುವ ಹಾಗೆ ನೋಡಿಕೊಂಡಿದ್ದರಿಂದ. ಅಷ್ಟೂ ದಿನ ಅವರು ಹೇಳುತ್ತಿದ್ದದ್ದು ತುರಿಕೆ ಅಂತಲ್ಲ, "ಉರಿ" ಅಂತ. ಆ ಒಂದು ಪದವನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಆದ್ದರಿಂದ ದದ್ದು ಕಂಡ ರಾತ್ರಿ ಲೈಟ್ ಹಾಕಿ ಇಷ್ಟು ನೋಡಿ. ಬಾಯಿ ತೆರೆಸಿ ಟಾರ್ಚ್ ಬಿಡಿ: ತುಟಿಯ ಒಳಗೆ, ನಾಲಿಗೆ ಕೆಳಗೆ ಹುಣ್ಣಿದೆಯಾ? ಕಣ್ಣು ಕೆಂಪಾಗಿ ಮರಳು ಬಿದ್ದ ಹಾಗೆ ಅನಿಸುತ್ತಿದೆಯಾ? ಉಚ್ಚೆ ಹೊಯ್ಯುವಾಗ ಉರಿಯಾ? (ಅಮ್ಮಂದಿರು ಇದನ್ನು ಕೇಳದೆ ಹೇಳುವುದಿಲ್ಲ.) ದದ್ದನ್ನು ಮೆಲ್ಲಗೆ ಒತ್ತಿದರೆ ನೋವಿದೆಯಾ, ನಡುವೆ ಕಪ್ಪಾಗಿದೆಯಾ, ನೀರ್ಗುಳ್ಳೆ ಎದ್ದಿದೆಯಾ? ಗಾಜಿನ ಲೋಟವನ್ನು ಒತ್ತಿ ಹಿಡಿದಾಗ ಬಣ್ಣ ಮಾಸದ ನೇರಳೆ ಚುಕ್ಕೆ ಇದೆಯಾ? ಜ್ವರ 100.4 ದಾಟಿದೆಯಾ, ಮುಖ ಊದಿದೆಯಾ? ಇವುಗಳಲ್ಲಿ ಒಂದಿದ್ದರೂ ಬೆಳಗಾಗಲಿ ಅಂತ ಕಾಯಬೇಡಿ. ಆ ರಾತ್ರಿಯೇ ಅಡ್ಮಿಟ್ ಮಾಡಿಕೊಳ್ಳುವಂಥ ಆಸ್ಪತ್ರೆಗೆ ಹೋಗಿ. ನುಂಗುತ್ತಿದ್ದ ಎಲ್ಲ ಮಾತ್ರೆಗಳ ಸ್ಟ್ರಿಪ್ ಜೊತೆಗಿರಲಿ, ಕಳೆದ ಎರಡು ತಿಂಗಳಲ್ಲಿ ಶುರು ಮಾಡಿದ್ದೂ ಸೇರಿ. ಮುಖ ಊದಿ, ಜ್ವರ ಬಂದು, ಲಿವರ್‌ಗೂ ಪೆಟ್ಟು ಕೊಡುವ ಒಂದು ಬಗೆ ಎರಡರಿಂದ ಎಂಟು ವಾರ ಬಿಟ್ಟು ಬರುತ್ತದೆ. ಅಷ್ಟು ಹೊತ್ತಿಗೆ 'ಹೊಸ ಮಾತ್ರೆ' ಅನ್ನುವುದೇ ಮನೆಯವರಿಗೆ ಮರೆತಿರುತ್ತದೆ.

ಗಂಧೆಯ ಅಪಾಯ ಬೇರೆ ಥರದ್ದು, ಅದು ನಿಮಿಷಗಳ ಲೆಕ್ಕ. ಮಾತ್ರೆಯೋ ಇಂಜೆಕ್ಷನ್ನೋ ಆದ ಸ್ವಲ್ಪ ಹೊತ್ತಿಗೆ ಗಂಧೆ ಎದ್ದು, ಜೊತೆಗೆ ದನಿ ಗೊಗ್ಗರಾದರೆ, ನಾಲಿಗೆ ಊದಿದರೆ, ಉಬ್ಬಸ, ತಲೆಸುತ್ತು, ಮತ್ತೆ ಮತ್ತೆ ವಾಂತಿ ಬಂದರೆ 108ಕ್ಕೆ ಫೋನ್ ಮಾಡಿ. ಅಂಗಾತ ಮಲಗಿಸಿ ಕಾಲಿನ ಕೆಳಗೆ ದಿಂಬಿಡಿ. ಉಸಿರಿಗೆ ಕಷ್ಟವಾದರೆ ಕೂರಿಸಿ, ಆದರೆ ಎಬ್ಬಿಸಿ ನಡೆಸಬೇಡಿ. ಇಲ್ಲಿ ಬೇಕಾದದ್ದು ತೊಡೆಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್. ಸಿಟ್ರಿಜಿನ್ ಕೊಟ್ಟು ಕಾಯುತ್ತ ಕೂತರೆ ಅದು ಕೆಲಸ ಶುರು ಮಾಡುವ ಮೊದಲೇ ಉಸಿರು ಕಟ್ಟಬಹುದು.

ಇವ್ಯಾವುದೂ ಇಲ್ಲ, ಬರೀ ತುರಿಕೆ ಅಂದರೆ ನಿಮ್ಮ ಅತ್ತಿಗೆ ಹೇಳಿದ್ದೇ ಸರಿ. ಆದರೆ ಅರ್ಧ ಸರಿ. ಆ ಔಷಧ ಇನ್ನೂ ನಡೆಯುತ್ತಿದ್ದರೆ ಮುಂದಿನ ಡೋಸ್ ಕೊಡುವ ಮೊದಲು ಬರೆದುಕೊಟ್ಟ ಡಾಕ್ಟರಿಗೆ ಫೋನ್ ಮಾಡಬೇಕು. ಮರುದಿನ ಒಮ್ಮೆ ತೋರಿಸಲೂ ಬೇಕು. ಫಿಟ್ಸ್, ಟಿಬಿ ಮಾತ್ರೆಗಳಾದರೆ ವಿಷಯ ಸೂಕ್ಷ್ಮ. ತಾವಾಗಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ನಿಲ್ಲಿಸದಿದ್ದರೆ ಆ ರೈತರ ಗತಿ. ಅಂಥವರು ದದ್ದು ಸಣ್ಣದಿದ್ದರೂ ಅದೇ ದಿನ ಡಾಕ್ಟರನ್ನು ಕಾಣಬೇಕು.

ಸಿಟ್ರಿಜಿನ್ ದೊಡ್ಡವರಿಗೆ 10 ಮಿಲಿಗ್ರಾಂ, ದಿನಕ್ಕೆ ಒಂದೇ. ತುರಿಕೆ ಜಾಸ್ತಿ ಅಂತ ರಾತ್ರಿ ಇನ್ನೊಂದು ಕೊಡಬೇಡಿ. ಕಿಡ್ನಿ ತೊಂದರೆ ಇದ್ದವರಿಗೆ ಡೋಸ್ ಕಡಿಮೆ ಮಾಡಬೇಕಾಗುತ್ತದೆ, ಕೇಳಿಯೇ ಕೊಡಿ. ಮಂಪರು ಬರುತ್ತದೆ, ಮರುದಿನ ಬೆಳಗ್ಗೆ ಗಾಡಿ ಓಡಿಸುವಾಗ ಎಚ್ಚರ. ನೆಗಡಿ ಮಾತ್ರೆಗಳಲ್ಲಿ ಇದೇ ಜಾತಿಯ ಔಷಧ ಸೇರಿರುವುದರಿಂದ ಎರಡನ್ನೂ ಒಟ್ಟಿಗೆ ಕೊಡಬೇಡಿ. ಮೈಗೆ ತಣ್ಣೀರ ಬಟ್ಟೆ, ಕ್ಯಾಲಮೈನ್ ಲೋಷನ್ ಹಿತವಾಗಿರುತ್ತದೆ. ಕಂಬಳಿ ಮಾತ್ರ ಬೇಡ, ಉಜ್ಜಿದಷ್ಟೂ ತುರಿಕೆ ಹೆಚ್ಚು. ಇನ್ನೊಂದು ನಮ್ಮ ಊರುಗಳ ಅಭ್ಯಾಸ: ದದ್ದು ಅಂದ ಕೂಡಲೇ ಒಂದು ಅವಿಲ್, ಒಂದು ಡೆಕ್ಸಾ ಇಂಜೆಕ್ಷನ್ ಹೊಡೆಸಿಕೊಂಡು ಬರುವುದು. ಡೆಕ್ಸಾ ಸ್ಟೀರಾಯ್ಡ್. ಅದರಿಂದ ಜ್ವರ ಇಳಿದು, ದದ್ದು ಮಂಕಾಗಿ, ಒಳಗಿನದು ಒಂದೆರಡು ದಿನ ಮರೆಯಾಗಬಹುದು. ಬಾಯಿ, ಕಣ್ಣು ನೋಡದೆ ಸೂಜಿ ಹಿಡಿದವರ ಹತ್ತಿರ ನಾನಂತೂ ನನ್ನ ಮನೆಯವರನ್ನು ಕಳಿಸುವುದಿಲ್ಲ.

ಒಂದೆರಡು ವಾರದಲ್ಲಿ ದದ್ದು ಮಾಸಿ, ಚರ್ಮ ಹೊಟ್ಟಿನಂತೆ ಒಣಗಿ ಉದುರುತ್ತದೆ. ಅದು ವಾಸಿಯಾಗುವ ಲಕ್ಷಣ. ಒದ್ದೆಯಾಗಿ ಹಾಳೆಯಂತೆ ಕಿತ್ತು ಬಂದರೆ ಮಾತ್ರ ತಡಮಾಡದೆ ಹೋಗಬೇಕು.

ಈಗ ನಿಮ್ಮ ಮನೆಯಲ್ಲಿ ಬಾಕಿ ಇರುವ ಕೆಲಸ ಒಂದಿದೆ. ಆ ಸ್ಟ್ರಿಪ್ ಕಸಕ್ಕೆ ಹೋಗಿಲ್ಲದಿದ್ದರೆ ಫೋಟೋ ತೆಗೆದಿಡಿ. ಕಂಪನಿ ಇಟ್ಟ ಹೆಸರಲ್ಲ, ಒಳಗಿರುವ ಔಷಧದ ಹೆಸರು ಮುಖ್ಯ. ಅದೇ ಅಮಾಕ್ಸಿಸಿಲಿನ್ ಹತ್ತಾರು ಹೆಸರಿನಲ್ಲಿ ಮಾರಾಟವಾಗುತ್ತದೆ. ನೋವಿನ ಮಾತ್ರೆಯ ಹೆಸರೂ ಇರಲಿ, ಯಾಕೆಂದರೆ ಎರಡರಲ್ಲಿ ಯಾವುದು ಅಂತ ಇನ್ನೂ ತೀರ್ಮಾನವಾಗಿಲ್ಲ. ಎಷ್ಟನೇ ದಿನ ಬಂತು, ಬಾಯಲ್ಲಿ ಹುಣ್ಣಿತ್ತೋ ಇಲ್ಲವೋ ಅನ್ನುವುದನ್ನೂ ಬರೆದಿಡಿ. ಪೆನಿಸಿಲಿನ್ ಅಲರ್ಜಿ ಅಂತ ಬರೆಸಿಕೊಂಡವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿಗೆ ಸರಿಯಾಗಿ ಪರೀಕ್ಷೆ ಮಾಡಿದಾಗ ಅಲರ್ಜಿ ಇಲ್ಲ ಅಂತ ತಿಳಿಯುತ್ತದೆ. ಹಾಗಂತ ಮನೆಯಲ್ಲಿ ಇನ್ನೊಂದು ಮಾತ್ರೆ ಕೊಟ್ಟು ನೋಡುವುದು ಪರೀಕ್ಷೆ ಅಲ್ಲ. ಅಲರ್ಜಿ ಡಾಕ್ಟರು ನಿಮ್ಮ ಆ ಚೀಟಿ ಓದಿ ಹೇಳುವವರೆಗೆ ಅಮ್ಮನಿಗೆ ಅಮಾಕ್ಸಿಸಿಲಿನ್ ಬೇಡ. ಹಲ್ಲಿನ ಡಾಕ್ಟರಿಗೂ ಇದನ್ನು ಹೇಳಿ; ಅವರ ಹತ್ತಿರ ಬೇರೆ ಜಾತಿಯ ಆಂಟಿಬಯಾಟಿಕ್ ಇದೆ.