ಅರ್ಥವಿಲ್ಲದ ಸಂದೇಶ ಬಂದರೆ ಚಾಟ್‌ಬಾಟ್ ಏನು ಮಾಡುತ್ತದೆ? ಮೊದಲೇ ತಿಳಿಯುವುದು ಹೇಗೆ?

ಪ್ರಶ್ನೆ: ನಮ್ಮ ಚಾಟ್‌ಬಾಟ್ ಬಿಡುಗಡೆಗೆ ಸಿದ್ಧವಾಗಿದೆ. ಜನ ಸುಮ್ಮನೆ ಕೀಲಿ ಒತ್ತಿ ಕಳಿಸುವ ಗೀಚು ಸಂದೇಶಗಳನ್ನು ಪರೀಕ್ಷಿಸಲು ಪ್ರೋಗ್ರಾಂನಿಂದ ಸಾವಿರ ಅಡ್ಡಾದಿಡ್ಡಿ ಸಾಲು ತಯಾರಿಸಿ ಓಡಿಸಿದೆವು. ಎಲ್ಲಕ್ಕೂ "ಅರ್ಥವಾಗಲಿಲ್ಲ" ಎಂದೇ ಉತ್ತರ ಬಂತು. ಇಷ್ಟು ಸಾಕಲ್ಲವೇ?

ಉತ್ತರ: ಸಾಲದು. ಆ ಸಾವಿರ ಸಾಲುಗಳೂ ಮಾತುಕತೆಯ ಮೊದಲ ಸಂದೇಶವಾಗಿಯೇ ಹೋಗಿರಬೇಕು. ಗೀಚು ನಿಜವಾಗಿ ಕಾಟ ಕೊಡುವುದು ಮಾತುಕತೆಯ ನಡುವೆ, ಅದರಲ್ಲೂ ಬಾಟ್ ಏನನ್ನೋ ಕೇಳಿ ಉತ್ತರಕ್ಕೆ ಕಾಯುತ್ತಿರುವಾಗ.

ನಾನು ಪರೀಕ್ಷಿಸಿದ ಒಂದು ಬುಕಿಂಗ್ ಚಾಟ್‌ನಲ್ಲಿ ಹೀಗಾಯಿತು. "ಬುಕಿಂಗ್ ರದ್ದು ಮಾಡಲೇ?" ಎಂದು ಬಾಟ್ ಕೇಳಿತ್ತು. ಅದಕ್ಕೆ `ytrewq` ಎಂದು ಕಳಿಸಿದೆ. ಕೀಬೋರ್ಡಿನ ಮೇಲಿನ ಅಕ್ಷರಸಾಲನ್ನು `y` ಕೀಲಿಯಿಂದ ಎಡಕ್ಕೆ ಸವರಿದರೆ ಬರುವುದು ಅದೇ. ಬುಕಿಂಗ್ ರದ್ದಾಯಿತು! ಒಳಗೆ ನೋಡಿದರೆ ಇದ್ದದ್ದು ಇಷ್ಟು:

```python
if reply.strip().lower().startswith("y"):
    cancel()
```

`yes`, `y`, `yeah` ಎಲ್ಲವನ್ನೂ ಒಂದೇ ಏಟಿಗೆ ಹಿಡಿಯಲು ಯಾರೋ ಬರೆದ ಸಾಲು. ಇದೇ `ytrewq` ಮೊದಲ ಸಂದೇಶವಾಗಿ ಹೋದಾಗ "ಅರ್ಥವಾಗಲಿಲ್ಲ" ಎಂಬ ಉತ್ತರವೇ ಬಂದಿತ್ತು. ಆದ್ದರಿಂದ ಪರೀಕ್ಷೆಯ ಪ್ರತಿ ಸಾಲಿನಲ್ಲಿ ಪಠ್ಯದ ಜೊತೆಗೆ, ಬಾಟ್ ಆಗ ಯಾವ ಹಂತದಲ್ಲಿದೆ, ಏನು ಮಾಡಬೇಕು, ಏನು ಮಾಡಲೇಬಾರದು ಎಂಬುದೂ ಇರಲಿ:

```json
{"state": "confirm_cancel", "input": "ytrewq",
 "must": "ask_again", "must_not": "cancel"}
```

ಉತ್ತರದ ವಾಕ್ಯ ಅಕ್ಷರಶಃ ಹೊಂದುತ್ತದೆಯೇ ಎಂದು ನೋಡಬೇಡಿ, ಅದು ದಿನಕ್ಕೊಂದು ರೀತಿ ಬರಬಹುದು. ಬುಕಿಂಗ್ ಹಾಗೆಯೇ ಉಳಿದಿದೆಯೇ, ಬಾಟ್ ಅದೇ ಪ್ರಶ್ನೆಗೆ ಮರಳಿತೇ, ಬಳಕೆದಾರ ಹೇಳದ್ದನ್ನು ಹೇಳಿದನೆಂದು ಊಹಿಸಿತೇ, ಇವನ್ನು ನೋಡಿ. ಹಾಗೆಯೇ ಗೀಚನ್ನು ಸತತ ಮೂರು ಸಲ ಕಳಿಸುವ ಕೆಲವು ಸಾಲುಗಳೂ ಇರಲಿ. ಒಂದೇ ಕ್ಷಮಾಪಣೆಯನ್ನು ಗಿಳಿಪಾಠದಂತೆ ಒಪ್ಪಿಸುವ ಬಾಟ್ ಅಲ್ಲಿ ಸಿಕ್ಕಿಬೀಳುತ್ತದೆ.

ಇನ್ನು ಸಾಲುಗಳ ಮೂಲ. ಪ್ರೋಗ್ರಾಂ ಎಲ್ಲ ಅಕ್ಷರಗಳನ್ನೂ ಸಮವಾಗಿ ಆರಿಸುತ್ತದೆ, ಮನುಷ್ಯರ ಬೆರಳು ಹಾಗೆ ಮಾಡುವುದಿಲ್ಲ. ಅದು ನಡುಸಾಲಿನಲ್ಲೇ ಸುಳಿದಾಡಿ `asdfjkl`, `hjhjhj` ಎಂದು ಒತ್ತುತ್ತದೆ. ನಾಲ್ಕೈದು ಜನರಿಗೆ ಫೋನ್ ಕೊಟ್ಟು "ಏನಾದರೂ ಒತ್ತಿ" ಎಂದು ಹೇಳಿದರೆ ಒಂದು ಗಂಟೆಯಲ್ಲಿ ನೂರಾರು ಅಸಲಿ ಗೀಚುಗಳು ಸಿಗುತ್ತವೆ. ಅವಕ್ಕೆ ಬರೀ ಎಮೋಜಿ, ಬರೀ ಚುಕ್ಕಿಗಳು, ಕಣ್ಣಿಗೆ ಕಾಣದ ಅಕ್ಷರಗಳನ್ನು ಸೇರಿಸಿ. ಈ ಕೊನೆಯದು ಸ್ವಲ್ಪ ಮೋಸದ್ದು. `U+200C` ಒಂದೇ ಇರುವ ಸಂದೇಶ ಖಾಲಿಯಂತೆ ಕಂಡರೂ ಪೈಥಾನ್‌ನ `strip()` ಅದನ್ನು ತೆಗೆಯುವುದಿಲ್ಲ, ಹಾಗಾಗಿ "ಖಾಲಿಯೇ?" ಎಂಬ ತಪಾಸಣೆಯನ್ನು ಅದು ದಾಟಿಬಿಡುತ್ತದೆ. ಹಾಗೆಂದು ಎಲ್ಲ ಕಡೆ ಅಳಿಸಿಹಾಕುವಂತೆಯೂ ಇಲ್ಲ: "ಸಾಫ್ಟ್‌ವೇರ್" ಎಂಬ ಪದದಲ್ಲಿ ಒತ್ತಕ್ಷರ ಮೂಡದಂತೆ ತಡೆದಿರುವುದು ಅದೇ ಅಕ್ಷರ.

ಇಲ್ಲಿಯವರೆಗಿನದು ಅರ್ಧ ಕೆಲಸ. ಇಂಥ ಸಾಲುಗಳನ್ನಷ್ಟೇ ಇಟ್ಟುಕೊಂಡು ಬಾಟನ್ನು ತಿದ್ದುತ್ತಾ ಹೋದರೆ, ಏನೇ ಬಂದರೂ "ಅರ್ಥವಾಗಲಿಲ್ಲ" ಎನ್ನುವ ಬಾಟ್‌ಗೆ ನೂರಕ್ಕೆ ನೂರು ಅಂಕ ಬರುತ್ತದೆ. ಅದಕ್ಕೇ ಗೀಚಿನಂತೆ ಕಂಡರೂ ಗೀಚಲ್ಲದವನ್ನು ಪಕ್ಕದಲ್ಲೇ ಇಡಬೇಕು. `XKJ7QP` ಬುಕಿಂಗ್ ಸಂಖ್ಯೆ ಇರಬಹುದು. "ಎಷ್ಟು ಜನ?" ಎಂಬ ಪ್ರಶ್ನೆಗೆ `4` ಪೂರ್ತಿ ಉತ್ತರ, ಮೊದಲ ಸಂದೇಶವಾಗಿ ಬಂದರೆ ಏನೂ ಅಲ್ಲ. "ಪಾತತದ" ಎಂಬುದನ್ನು ನೋಡಿ: ಕೀಬೋರ್ಡ್ ಕನ್ನಡದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿರುವುದು ಗೊತ್ತಿಲ್ಲದೆ `hello` ಒತ್ತಿದವರ ಸಂದೇಶ ಅದು. ಅದನ್ನು ಬಿಡಿಸಿ ಓದಬೇಕೋ, ಮತ್ತೆ ಕೇಳಬೇಕೋ ಎಂಬುದನ್ನು ನೀವು ಮೊದಲೇ ತೀರ್ಮಾನಿಸಿ ಸಾಲಿನಲ್ಲಿ ಬರೆದಿಡಿ. ನನ್ನನ್ನು ಕೇಳಿದರೆ, ಮತ್ತೆ ಕೇಳಿದರೆ ಸಾಕು.

ಫಲಿತಾಂಶವನ್ನೂ ಎರಡಾಗಿ ಬರೆಯಿರಿ: ಗೀಚನ್ನು ಮಾತೆಂದು ತಿಳಿದದ್ದೆಷ್ಟು, ಮಾತನ್ನು ಗೀಚೆಂದು ತಳ್ಳಿದ್ದೆಷ್ಟು. ಎರಡನ್ನೂ ಕೂಡಿಸಿ ಒಂದೇ ಶೇಕಡಾವಾರು ಮಾಡಿದರೆ ಒಂದರ ತಪ್ಪು ಇನ್ನೊಂದರ ಹಿಂದೆ ಅಡಗುತ್ತದೆ.

ಎಷ್ಟು ಸಾಲು ಬೇಕು ಎಂಬುದಕ್ಕೆ ಒಂದು ಸುಲಭ ಲೆಕ್ಕವಿದೆ. ಒಂದು ಹಂತದಲ್ಲಿ 300 ಸಾಲು ಓಡಿಸಿ ಒಂದೂ ತಪ್ಪಾಗದಿದ್ದರೂ, 95% ಭರವಸೆಯಿಂದ ಹೇಳಬಹುದಾದದ್ದು ತಪ್ಪಿನ ಪ್ರಮಾಣ ಸುಮಾರು 3/300, ಅಂದರೆ 1% ಒಳಗಿದೆ ಎಂದಷ್ಟೇ. ಅದೂ ಬಳಕೆದಾರರು ಕಳಿಸುವಂಥ ಗೀಚುಗಳನ್ನೇ ನೀವು ಆರಿಸಿದ್ದರೆ. ರದ್ದತಿ, ಹಣ ಪಾವತಿಯಂಥ ಹಂತಗಳಿಗೆ ಅಷ್ಟಾದರೂ ಬೇಕು, ಉಳಿದೆಡೆ ಮೂವತ್ತು ನಲವತ್ತರಲ್ಲಿ ಮುಗಿಸಬಹುದು. ತಿದ್ದುವಾಗ ಯಾರೂ ನೋಡದಂತೆ ಮೂರನೇ ಒಂದು ಭಾಗವನ್ನು ಬೇರೆ ಫೈಲಿನಲ್ಲಿ ಎತ್ತಿಟ್ಟು, ಬಿಡುಗಡೆಯ ಹಿಂದಿನ ದಿನ ಓಡಿಸಿ.